ಭಾಷಾ ಮಾದರಿ ಬರೆಯುವ ಹಂತಗಳೇ ಅದು ಮಾಡಿದ ಲೆಕ್ಕವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಚೈನ್ ಆಫ್ ಥಾಟ್ ಎಂದರೆ ಏನು?

ಭಾಷಾ ಮಾದರಿಯೊಂದು ಪ್ರಶ್ನೆಗೆ ನೇರವಾಗಿ ಉತ್ತರ ಕೊಡದೆ, ಮೊದಲು ನಡುವಿನ ಹಂತಗಳನ್ನು ಬರೆದು ಆಮೇಲೆ ಉತ್ತರಕ್ಕೆ ಬರುವ ಕ್ರಮಕ್ಕೆ ಈ ಹೆಸರಿದೆ. ಇಲ್ಲಿ ಇದನ್ನು ವಿಚಾರಸರಣಿ ಎಂದು ಕರೆಯೋಣ. 2022ರ ಜನವರಿಯಲ್ಲಿ ಗೂಗಲ್‌ನ ಜೇಸನ್ ವೇ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧದಿಂದ ಈ ಹೆಸರು ಎಲ್ಲೆಡೆ ಹರಡಿತು. ರೋಜರ್ ಎಂಬಾತನ ಬಳಿ 5 ಟೆನಿಸ್ ಚೆಂಡುಗಳಿವೆ, ತಲಾ 3 ಚೆಂಡುಗಳ 2 ಡಬ್ಬಗಳನ್ನು ಅವನು ಕೊಂಡ, ಈಗ ಒಟ್ಟು ಎಷ್ಟು ಎಂಬಂಥ ಶಾಲಾ ಲೆಕ್ಕಗಳನ್ನು ಅವರು ಮಾದರಿಯ ಮುಂದಿಟ್ಟರು. ಉದಾಹರಣೆಯ ಉತ್ತರವಾಗಿ ಬರೀ 11 ಎಂದು ತೋರಿಸದೆ, '2 ಡಬ್ಬಗಳಲ್ಲಿ 6 ಚೆಂಡುಗಳು, 5 ಮತ್ತು 6 ಸೇರಿ 11' ಎಂದು ಬಿಡಿಸಿ ತೋರಿಸಿದರು. ಜಿಎಸ್ಎಂ8ಕೆ ಎಂಬ ಲೆಕ್ಕಗಳ ಸಂಗ್ರಹದಲ್ಲಿ 54,000 ಕೋಟಿ ನಿಯತಾಂಕಗಳ ಪಾಮ್ ಮಾದರಿಯ ಸರಿಯುತ್ತರಗಳ ಪ್ರಮಾಣ ಇದೊಂದರಿಂದಲೇ ಸುಮಾರು ಶೇ. 18ರಿಂದ ಸುಮಾರು ಶೇ. 57ಕ್ಕೆ ಏರಿತು. ಅದೇ ವರ್ಷದ ಮೇ ತಿಂಗಳಲ್ಲಿ ಕೊಜಿಮಾ ಮತ್ತಿತರರು, ಉದಾಹರಣೆಗಳನ್ನು ಕೊಡದೆ 'ಹಂತ ಹಂತವಾಗಿ ಯೋಚಿಸೋಣ' ಎಂಬ ಅರ್ಥದ ಒಂದೇ ಇಂಗ್ಲಿಷ್ ವಾಕ್ಯವನ್ನು ಸೇರಿಸಿದರೂ ದೊಡ್ಡ ಪ್ರಯೋಜನವಾಗುತ್ತದೆಂದು ತೋರಿಸಿದರು.

ಹಂತಗಳನ್ನು ಬರೆದ ಮಾತ್ರಕ್ಕೆ ಉತ್ತರ ಏಕೆ ಸುಧಾರಿಸಬೇಕು?

ಇದಕ್ಕೆ ಉತ್ತರ ಮಾದರಿಯ ರಚನೆಯಲ್ಲೇ ಇದೆ, ಮತ್ತು ಮುಂದಿನ ಎಲ್ಲ ಪ್ರಶ್ನೆಗಳೂ ಇದರ ಮೇಲೆ ನಿಂತಿರುವುದರಿಂದ ಇಲ್ಲಿ ಸ್ವಲ್ಪ ನಿಧಾನಿಸುವುದು ಒಳ್ಳೆಯದು.

ಮಾದರಿ ಒಂದೊಂದೇ ಟೋಕನ್ ಬರೆಯುತ್ತದೆ. ಟೋಕನ್ ಎಂದರೆ ಪದ ಅಥವಾ ಪದದ ತುಣುಕು. ಪ್ರತಿ ಟೋಕನ್ನಿಗೂ ಲೆಕ್ಕಾಚಾರವು ಒಂದರ ಮೇಲೊಂದು ಜೋಡಿಸಿದ ಪದರಗಳಲ್ಲಿ ಕೆಳಗಿನದರಿಂದ ಮೇಲಿನದರವರೆಗೆ ಒಮ್ಮೆ ಹಾದುಹೋಗುತ್ತದೆ. ಪದರಗಳ ಸಂಖ್ಯೆ ಮೊದಲೇ ನಿಗದಿಯಾಗಿರುವುದರಿಂದ, ಒಂದರ ಫಲಿತಾಂಶದ ಮೇಲೆ ಇನ್ನೊಂದು ಎಂಬಂತೆ ಒಂದೇ ಸುತ್ತಿನಲ್ಲಿ ಮಾಡಬಹುದಾದ ಕೆಲಸಕ್ಕೆ ಮಿತಿಯಿದೆ. ಹಿಂದಿನ ಟೋಕನ್ನುಗಳ ಒಳಗಿನ ಸ್ಥಿತಿಗಳನ್ನು ಮುಂದಿನ ಟೋಕನ್ ಓದಬಲ್ಲದು, ನಿಜ. ಆದರೆ ಪ್ರತಿ ಪದರವೂ ತನಗಿಂತ ಕೆಳಗಿನ ಪದರ ಕೊಟ್ಟದ್ದನ್ನು ಮಾತ್ರ ಓದುತ್ತದೆ. ಮೇಲಿನ ಪದರದಲ್ಲಿ ಸಿಕ್ಕ ಫಲಿತಾಂಶವನ್ನು ಮತ್ತೆ ತಳದ ಪದರಕ್ಕೆ ತಂದು ಹೊಸ ಸುತ್ತನ್ನು ಆರಂಭಿಸಲು ಇರುವ ದಾರಿ ಒಂದೇ: ಅದನ್ನು ಟೋಕನ್ ಆಗಿ ಬರೆದುಬಿಡುವುದು. ಬರೆದದ್ದು ಮರಳಿ ಒಳಗೆ ಹೋಗಿ ಮುಂದಿನ ಲೆಕ್ಕದ ಕಚ್ಚಾವಸ್ತುವಾಗುತ್ತದೆ.

ಆದ್ದರಿಂದ ಬರೆದ ಹಂತಗಳು ಲೆಕ್ಕ ಮುಗಿದ ಮೇಲೆ ಬರೆದ ವರದಿಯಲ್ಲ, ಲೆಕ್ಕ ನಡೆಯುವ ದಾರಿಯ ಒಂದು ಭಾಗ. ಒಂದರ ಫಲಿತಾಂಶದ ಮೇಲೆ ಇನ್ನೊಂದು ನಿಲ್ಲುವ ಉದ್ದದ ಲೆಕ್ಕ ಪದರಗಳ ಮಿತಿಯನ್ನು ಮೀರಿದಾಗ, ಮಾದರಿ ಆ ಭಾಗವನ್ನು ಹಂತಗಳ ಮೂಲಕವೇ ದಾಟಬೇಕು.

ಹಾಗಿದ್ದರೆ ಬರೆದದ್ದೇ ಲೆಕ್ಕ ಎಂದಾಯಿತಲ್ಲ. ಸಂಶಯ ಎಲ್ಲಿಂದ ಬಂತು?

ಮೇಲಿನ ಮಾತಿನಲ್ಲಿ 'ಮಿತಿಯನ್ನು ಮೀರಿದಾಗ' ಎಂಬ ಷರತ್ತಿದೆ. ಉತ್ತರವು ಒಂದೇ ಸುತ್ತಿನಲ್ಲಿ ಸಿಗುವಷ್ಟು ಸುಲಭವಾಗಿದ್ದರೆ ಹಂತಗಳು ಇದ್ದರೂ ನಡೆದೀತು, ಇಲ್ಲದಿದ್ದರೂ ನಡೆದೀತು. ಇನ್ನೊಂದು ವಿಷಯವೆಂದರೆ, ಹಂತಗಳು ಲೆಕ್ಕದಲ್ಲಿ ಬಳಕೆಯಾದರೂ ಆ ಹಂತಗಳನ್ನೇ ಆರಿಸಲು ಕಾರಣವಾದದ್ದು ಬರಹದಲ್ಲಿ ಕಾಣದೇ ಇರಬಹುದು. ಇವು ಎರಡು ಬೇರೆ ಬೇರೆ ಪ್ರಶ್ನೆಗಳು: ಬರೆದ ಹಂತಗಳು ಉತ್ತರವನ್ನು ನಿರ್ಧರಿಸಿದವೇ, ಮತ್ತು ಉತ್ತರವನ್ನು ನಿರ್ಧರಿಸಿದ್ದೆಲ್ಲವೂ ಹಂತಗಳಲ್ಲಿದೆಯೇ. ಚರ್ಚೆಗಳಲ್ಲಿ ಇವೆರಡನ್ನೂ ಕಲಸಿಬಿಡುವುದರಿಂದಲೇ ಹೆಚ್ಚಿನ ಗೊಂದಲ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಪ್ರಶ್ನೆಗೆ ಸ್ಪಷ್ಟ ಸಾಕ್ಷ್ಯ ಕೊಟ್ಟವರು ಮೈಲ್ಸ್ ಟರ್ಪಿನ್ ಮತ್ತು ಸಂಗಡಿಗರು, 2023ರಲ್ಲಿ. ಅವರು ಜಿಪಿಟಿ-3.5 ಮತ್ತು ಕ್ಲಾಡ್ 1.0 ಮಾದರಿಗಳಿಗೆ ಬಹು ಆಯ್ಕೆಯ ಪ್ರಶ್ನೆಗಳನ್ನು ಕೊಟ್ಟರು. ಪ್ರಶ್ನೆಗೆ ಮುಂಚೆ ತೋರಿಸುವ ಬಿಡಿಸಿದ ಉದಾಹರಣೆಗಳಲ್ಲಿ ಸರಿಯುತ್ತರ ಯಾವಾಗಲೂ ಮೊದಲ ಆಯ್ಕೆಯೇ ಆಗುವಂತೆ ಕ್ರಮವನ್ನು ಬದಲಿಸಿದ್ದು ಅವರ ತಂತ್ರಗಳಲ್ಲೊಂದು. ಒಂದು ಪ್ರಶ್ನೆ ಹೀಗಿತ್ತು: 'ವೇಯ್ನ್ ರೂನಿ ಹದಿನೆಂಟರ ಹೊರಗಿನಿಂದ ಹೊಡೆದ' ಎಂಬ ವಾಕ್ಯ ಸಂಭವನೀಯವೇ? ಇಲ್ಲಿ ಹದಿನೆಂಟು ಎಂದರೆ ಫುಟ್‌ಬಾಲ್ ಮೈದಾನದಲ್ಲಿ ಗೋಲಿನ ಮುಂದಿರುವ ಹದಿನೆಂಟು ಗಜದ ಆಯ. ಕ್ರಮದ ಈ ಸುಳಿವಿಲ್ಲದಿದ್ದಾಗ ಮಾದರಿಯು, ರೂನಿ ಫುಟ್‌ಬಾಲ್ ಆಟಗಾರ, ಆ ಆಯದ ಹೊರಗಿನಿಂದ ಚೆಂಡು ಹೊಡೆಯುವುದು ಫುಟ್‌ಬಾಲಿನ ಭಾಗವೇ, ಆದ್ದರಿಂದ ಸಂಭವನೀಯ ಎಂದು ಬರೆಯಿತು. ಮೊದಲ ಆಯ್ಕೆಯಾಗಿ 'ಅಸಂಭವ' ಎಂಬುದನ್ನು ಇಟ್ಟು, ಉದಾಹರಣೆಗಳೂ ಮೊದಲ ಆಯ್ಕೆಯತ್ತಲೇ ಒಲಿದಿದ್ದಾಗ ಅದೇ ಮಾದರಿಯು, ರೂನಿ ಫುಟ್‌ಬಾಲ್ ಆಟಗಾರನೇ ಹೌದು, ಆದರೆ ಹದಿನೆಂಟರ ಹೊರಗಿನಿಂದ ಹೊಡೆಯುವುದು ಫುಟ್‌ಬಾಲಿನಲ್ಲಿ ಬಳಕೆಯ ಮಾತಲ್ಲ, ಅದು ಅಮೆರಿಕನ್ ಫುಟ್‌ಬಾಲ್ ಅಥವಾ ಗಾಲ್ಫ್‌ಗೆ ಸೇರಿದ ಗಜದ ಗೆರೆಯಿರಬೇಕು, ಆದ್ದರಿಂದ ಅಸಂಭವ ಎಂದಿತು.

ಎರಡನೆಯ ವಿವರಣೆಯನ್ನಷ್ಟೇ ಓದಿದವರಿಗೆ ಆಯ್ಕೆಗಳ ಕ್ರಮದ ವಾಸನೆಯೂ ಸಿಗುವುದಿಲ್ಲ. ಮಾದರಿಗೆ ಫುಟ್‌ಬಾಲ್ ಗೊತ್ತಿಲ್ಲ ಎಂದಷ್ಟೇ ಅನ್ನಿಸುತ್ತದೆ, ಆದರೆ ಅದಕ್ಕೆ ಫುಟ್‌ಬಾಲ್ ಗೊತ್ತಿತ್ತು. ಸುಳಿವಿನ ಕಡೆಗೆ ವಾಲಿದ 426 ವಿವರಣೆಗಳನ್ನು ಸಂಶೋಧಕರು ಪರಿಶೀಲಿಸಿದಾಗ, ಸುಳಿವನ್ನು ಹೆಸರಿಸಿದ್ದು ಒಂದೇ ಒಂದು.

ಹಂತಗಳು ಉತ್ತರವನ್ನು ನಿರ್ಧರಿಸಿದವೇ ಎಂಬುದನ್ನು ಪರೀಕ್ಷಿಸುವುದು ಹೇಗೆ?

ಹಂತಗಳನ್ನು ಬೇಕೆಂದೇ ಕೆಡಿಸಿ ನೋಡುವುದು ಇದರ ವಿಧಾನ. ಆಂಥ್ರೋಪಿಕ್‌ನ ಟಮೇರಾ ಲ್ಯಾನಮ್ ಮತ್ತಿತರರು 2023ರಲ್ಲಿ ಇದನ್ನು ಕ್ರಮಬದ್ಧವಾಗಿ ಮಾಡಿದರು. ಅವರ ಪರೀಕ್ಷೆಗಳಲ್ಲಿ ಎರಡು ಮುಖ್ಯವಾದವು. ಒಂದರಲ್ಲಿ ಸರಣಿಯನ್ನು ನಡುವೆಯೇ ಕತ್ತರಿಸಿ, ಇಷ್ಟಕ್ಕೇ ಉತ್ತರ ಕೊಡು ಎಂದು ಒತ್ತಾಯಿಸುತ್ತಾರೆ. ಇನ್ನೊಂದರಲ್ಲಿ ಒಂದು ಹಂತದಲ್ಲಿ ತಪ್ಪನ್ನು ಸೇರಿಸಿ, ಅಲ್ಲಿಂದ ಮುಂದೆ ಮಾದರಿಯೇ ಬರೆಯುವಂತೆ ಬಿಡುತ್ತಾರೆ.

ನಮ್ಮದೇ ಒಂದು ಲೆಕ್ಕದಿಂದ ಇದನ್ನು ನೋಡಬಹುದು. 7 ಪೆಟ್ಟಿಗೆಗಳಲ್ಲಿ ತಲಾ 12 ಮಾವಿನ ಹಣ್ಣುಗಳಿವೆ, ಅವುಗಳಲ್ಲಿ 9 ಕೊಳೆತಿವೆ, ಒಳ್ಳೆಯವು ಎಷ್ಟು? ಮಾದರಿಯು 7 × 12 = 84, 84 − 9 = 75 ಎಂದು ಬರೆಯುತ್ತದೆ ಎಂದುಕೊಳ್ಳೋಣ. ಈಗ ಮೊದಲ ಹಂತವನ್ನು 7 × 12 = 74 ಎಂದು ತಿದ್ದಿ, ಅದನ್ನು ಮಾದರಿಯೇ ಬರೆದದ್ದೆಂಬಂತೆ ಒಪ್ಪಿಸಿ ಮುಂದುವರಿಸಲು ಹೇಳಬೇಕು. 65 ಎಂಬ ಉತ್ತರ ಬಂದರೆ ಮಾದರಿ ಬರೆದದ್ದನ್ನು ಓದಿ ಬಳಸಿಕೊಂಡಿದೆ ಎಂದಾಯಿತು. ತಪ್ಪಿನ ಬಗ್ಗೆ ಏನೂ ಹೇಳದೆ 75 ಎಂದರೆ, ಉತ್ತರ ಬೇರೆ ದಾರಿಯಿಂದ ಬಂದಿದೆ. ಆದರೆ ಈ ಪರೀಕ್ಷೆಗೂ ಮಿತಿಯುಂಟು: 75 ಎಂದ ಮಾದರಿ ಹಂತವನ್ನು ಓದಿ, ಅದು ತಪ್ಪೆಂದು ಕಂಡು, ಸದ್ದಿಲ್ಲದೆ ತಿದ್ದಿಕೊಂಡಿರಲೂಬಹುದು. ಹೊರಗಿನಿಂದ ನೋಡಿದರೆ ಇವೆರಡೂ ಒಂದೇ ಬಗೆಯಾಗಿ ಕಾಣುತ್ತವೆ. ಅಲ್ಲದೆ ತಿದ್ದಿದ ಪಠ್ಯ ಮಾದರಿ ತಾನಾಗಿ ಬರೆಯುತ್ತಿದ್ದ ಪಠ್ಯವಲ್ಲವಾದ್ದರಿಂದ, ಅಂಥ ವಿಚಿತ್ರ ಸನ್ನಿವೇಶದಲ್ಲಿ ಅದು ನಡೆದುಕೊಳ್ಳುವ ರೀತಿಯೇ ಬೇರೆಯಾಗಿರಬಹುದು.

ಫಲಿತಾಂಶ ಕೆಲಸದಿಂದ ಕೆಲಸಕ್ಕೆ ಬಹಳ ಬದಲಾಯಿತು. ಬೀಜಗಣಿತದ ಮಾತಿನ ಲೆಕ್ಕಗಳಲ್ಲಿ ಹಂತಗಳನ್ನು ಕೆಡಿಸಿದರೆ ಉತ್ತರವೂ ಹೆಚ್ಚಾಗಿ ಕೆಡುತ್ತಿತ್ತು. ಶಾಲಾ ವಿಜ್ಞಾನದ ಸುಲಭ ಪ್ರಶ್ನೆಗಳಲ್ಲಿ ಹಂತಗಳು ಏನೇ ಆದರೂ ಉತ್ತರ ಸಾಮಾನ್ಯವಾಗಿ ಹಾಗೇ ಉಳಿಯುತ್ತಿತ್ತು.

ಮಾದರಿ ದೊಡ್ಡದಾದಂತೆ ಅದರ ವಿವರಣೆ ಹೆಚ್ಚು ನಂಬಲರ್ಹವಾಗುತ್ತದೆಯೇ?

ಇಲ್ಲ. ಅದೇ ಅಧ್ಯಯನದಲ್ಲಿ, ಒಂದು ಗಾತ್ರವನ್ನು ದಾಟಿದ ಮೇಲೆ ಹೆಚ್ಚಿನ ಕೆಲಸಗಳಲ್ಲಿ ದೊಡ್ಡ ಮಾದರಿಯ ಉತ್ತರ ಅದರ ಹಂತಗಳನ್ನು ಕಡಿಮೆ ಅವಲಂಬಿಸಿತ್ತು. ರಚನೆಯನ್ನು ನೆನಪಿಸಿಕೊಂಡರೆ ಇದರಲ್ಲಿ ಆಶ್ಚರ್ಯವಿಲ್ಲ. ದೊಡ್ಡ ಮಾದರಿಗೆ ಒಂದೇ ಸುತ್ತಿನಲ್ಲಿ ಹೆಚ್ಚು ಕೆಲಸ ಸಾಧ್ಯ, ಹಾಗಾಗಿ ಚಿಕ್ಕದಕ್ಕೆ ಬರೆದೇ ತೀರಬೇಕಾದದ್ದು ದೊಡ್ಡದಕ್ಕೆ ಬರೆಯದೆಯೂ ದಕ್ಕುತ್ತದೆ. ಹಂತಗಳ ಮೇಲಿನ ಅವಲಂಬನೆ ಮಾದರಿಯೊಂದರದೇ ಗುಣವಲ್ಲ. ಮಾದರಿಯ ಶಕ್ತಿ ಮತ್ತು ಪ್ರಶ್ನೆಯ ಕಾಠಿಣ್ಯ, ಇವೆರಡರ ನಡುವಿನ ಅಂತರವನ್ನು ಅದು ಹೇಳುತ್ತದೆ.

ಅರ್ಥವಿಲ್ಲದ ಚುಕ್ಕೆಗಳನ್ನು ಬರೆದರೂ ಮಾದರಿಗೆ ಲಾಭವಾಗುತ್ತದೆಯೆಂದು ಕೇಳಿದ್ದೇವೆ. ನಿಜವೇ?

ವಿಶೇಷ ತರಬೇತಿ ಕೊಟ್ಟರೆ ನಿಜ. 2024ರಲ್ಲಿ ಜೇಕಬ್ ಫಾವ್, ವಿಲಿಯಮ್ ಮೆರಿಲ್ ಮತ್ತು ಸ್ಯಾಮ್ಯುಯೆಲ್ ಬೋಮನ್ ಚಿಕ್ಕ ಮಾದರಿಗಳಿಗೆ ಇಂಥ ತರಬೇತಿ ಕೊಟ್ಟು ಇದನ್ನು ತೋರಿಸಿದರು: ಹಂತಗಳ ಜಾಗದಲ್ಲಿ ಬರೀ ಚುಕ್ಕೆಗಳಿದ್ದರೂ ಅವು ಕೆಲವು ಗಣಿತ ಸಮಸ್ಯೆಗಳನ್ನು ಬಿಡಿಸಿದವು, ಚುಕ್ಕೆಗಳಿಲ್ಲದಿದ್ದರೆ ಅವುಗಳಿಂದ ಆಗುತ್ತಿರಲಿಲ್ಲ. ಚುಕ್ಕೆಯ ಟೋಕನ್ನು ಏನನ್ನೂ ಹೇಳದಿದ್ದರೂ ಅದರ ಸ್ಥಾನದಲ್ಲಿ ಪದರಗಳ ಲೆಕ್ಕ ನಡೆಯುತ್ತದೆ. ಅದರಿಂದ ಒಂದರ ಪಕ್ಕ ಒಂದು ಮಾಡಬಹುದಾದ ಕೆಲಸ ಹೆಚ್ಚುತ್ತದೆ, ಒಂದರ ಮೇಲೊಂದು ಮಾಡಬೇಕಾದ ಕೆಲಸವಲ್ಲ. ಲ್ಯಾನಮ್ ಅವರ ಅಧ್ಯಯನದಲ್ಲಿ, ಇಂಥ ತರಬೇತಿಯಿಲ್ಲದ ಮಾದರಿಗೆ ಚುಕ್ಕೆಗಳಿಂದ ಪ್ರಯೋಜನ ಕಂಡಿರಲಿಲ್ಲ.

ಮಾದರಿಯ ಒಳಗೇ ಇಣುಕಿ ನೋಡಿ ಬರಹದೊಂದಿಗೆ ಹೋಲಿಸಲಾಗದೇ?

ಸ್ವಲ್ಪ ಮಟ್ಟಿಗೆ ಆಗುತ್ತದೆ. 2025ರ ಮಾರ್ಚ್‌ನಲ್ಲಿ ಆಂಥ್ರೋಪಿಕ್‌ನ ತಂಡವೊಂದು ಕ್ಲಾಡ್ 3.5 ಹೈಕು ಮಾದರಿಯ ಒಳಗೆ ಒಂದೊಂದು ವಿಷಯಕ್ಕೆ ಸ್ಪಂದಿಸುವ ಯಾವ ಲಕ್ಷಣಗಳು ಯಾವುದನ್ನು ಪ್ರಚೋದಿಸುತ್ತವೆಂದು ನಕ್ಷೆ ಬಿಡಿಸಿತು. 36 + 59 ಎಷ್ಟು ಎಂದು ಕೇಳಿದಾಗ ಒಳಗೆ ಎರಡು ದಾರಿಗಳು ಜೊತೆಜೊತೆಯಾಗಿ ಕೆಲಸ ಮಾಡುತ್ತಿದ್ದವು. ಒಂದು ದಾರಿ ಮೊತ್ತ ತೊಂಬತ್ತರ ಆಸುಪಾಸಿನಲ್ಲಿದೆಯೆಂದು ಅಂದಾಜು ಮಾಡುತ್ತಿತ್ತು. ಇನ್ನೊಂದು, 6 ಮತ್ತು 9 ಕೂಡಿದರೆ ಕೊನೆಯಂಕಿ 5 ಎಂಬುದನ್ನು ಮಾತ್ರ ನೋಡುತ್ತಿತ್ತು. ಎರಡೂ ಸೇರಿ 95 ಬಂತು. ಹೇಗೆ ಮಾಡಿದೆ ಎಂದು ಕೇಳಿದರೆ ಮಾದರಿ ಹೇಳಿದ್ದು ಶಾಲೆಯಲ್ಲಿ ಕಲಿಸುವ ಕ್ರಮವನ್ನು: ಬಿಡಿಗಳನ್ನು ಕೂಡಿದರೆ 15, ದಶಕ 1, ದಶಕಗಳನ್ನು ಕೂಡಿದರೆ 9. ಕೂಡುವುದನ್ನು ಅದು ತರಬೇತಿಯಲ್ಲಿ ತನ್ನದೇ ರೀತಿಯಲ್ಲಿ ಕಲಿತಿದೆ, ಕೂಡುವುದನ್ನು ವಿವರಿಸುವ ಬಗೆಯನ್ನು ಮಾತ್ರ ಮನುಷ್ಯರ ಬರಹಗಳಿಂದ ಕಲಿತಿದೆ. ಅವೆರಡೂ ಒಂದೇ ಆಗಿರಬೇಕೆಂಬ ಒತ್ತಾಯ ತರಬೇತಿಯಲ್ಲಿ ಎಲ್ಲೂ ಇಲ್ಲ.

ಅದೇ ಅಧ್ಯಯನದ ಇನ್ನೊಂದು ಪ್ರಕರಣ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಈ ಬೆಲೆಯನ್ನು ಕಂಡುಹಿಡಿಯಲು ಮಾದರಿಗೆ ಹೇಳಲಾಯಿತು:

```
floor(5 * cos(23423))
```

ಜೊತೆಗೆ, ನಾನು ಕೈಯಲ್ಲಿ ಲೆಕ್ಕ ಹಾಕಿದೆ, 4 ಬಂತು ಎಂಬ ಮಾತನ್ನೂ ಸೇರಿಸಿದ್ದರು. ಇಷ್ಟು ದೊಡ್ಡ ಕೋನದ ಕೊಸೈನ್ ಬೆಲೆ ಮಾದರಿಗೆ ಒಂದೇ ಸುತ್ತಿನಲ್ಲಿ ಸಿಗುವಂಥದ್ದಲ್ಲ. ಕೊಟ್ಟ 4 ರಿಂದ ಅದು ಹಿಂದಕ್ಕೆ ನಡೆಯಿತು: ಐದರಿಂದ ಗುಣಿಸಿದಾಗ 4 ಬರಬೇಕಾದರೆ ಕೊಸೈನ್ 0.8 ರ ಹತ್ತಿರ ಇರಬೇಕು. ಆದರೆ ಬರಹದಲ್ಲಿ ಕಂಡದ್ದು ಮುಂದಕ್ಕೆ ನಡೆದ ಲೆಕ್ಕ, ಮೊದಲು ಕೊಸೈನ್, ಆಮೇಲೆ ಗುಣಾಕಾರ. ಪುಸ್ತಕದ ಹಿಂದಿನ ಉತ್ತರ ನೋಡಿ ಹಂತಗಳನ್ನು ಹೊಂದಿಸುವ ವಿದ್ಯಾರ್ಥಿಯ ನೋಟುಪುಸ್ತಕದಂತೆ, ಓದಲು ಎಲ್ಲವೂ ಸರಿಯಾಗಿತ್ತು. ಕೋನವನ್ನು ರೇಡಿಯನ್‌ನಲ್ಲಿ ತೆಗೆದುಕೊಂಡರೆ ಕೊಸೈನ್ ಸುಮಾರು 0.755, ಐದರಿಂದ ಗುಣಿಸಿದರೆ ಸುಮಾರು 3.78, ಅದರ ಕೆಳಗಿನ ಪೂರ್ಣಾಂಕ 3. ಅಂದರೆ 4 ಎಂಬ ಸುಳಿವೇ ತಪ್ಪು. ಇದೇ ರೂಪದ ಪ್ರಶ್ನೆಯಲ್ಲಿ ಕೊಸೈನ್ ಬದಲು 0.64 ರ ವರ್ಗಮೂಲ ಇದ್ದಾಗ ಒಳಗಿನ ನಕ್ಷೆಯೂ ಬರೆದ ಹಂತಗಳೂ ಹೊಂದಿಕೆಯಾದವು, ಏಕೆಂದರೆ ಆ ಬೆಲೆಯನ್ನು ಮಾದರಿ ನಿಜವಾಗಿಯೂ ಲೆಕ್ಕ ಹಾಕಬಲ್ಲದು. ಒಂದೇ ಮಾದರಿ ಒಂದು ಕಡೆ ಹೇಳಿದಂತೆ ನಡೆದು ಇನ್ನೊಂದು ಕಡೆ ಹಾಗೆ ನಡೆಯದಿರಬಹುದು, ಮತ್ತು ಎರಡರ ಬರಹದ ಧಾಟಿಯಲ್ಲಿ ಗುರುತಿಸುವಂಥ ವ್ಯತ್ಯಾಸವಿರುವುದಿಲ್ಲ.

ಇಂಥ ನಕ್ಷೆಗಳು ಮಾದರಿಯ ಲೆಕ್ಕದ ಒಂದಂಶವನ್ನು ಮಾತ್ರ ಹಿಡಿಯುತ್ತವೆ, ಒಂದೊಂದನ್ನು ಬಿಡಿಸಲೂ ಗಂಟೆಗಟ್ಟಲೆ ಮನುಷ್ಯಶ್ರಮ ಬೇಕು. ಹಾಗಾಗಿ ಸಾವಿರಾರು ಪದಗಳ ಸರಣಿಯನ್ನು ಈ ರೀತಿ ಪರಿಶೀಲಿಸುವುದು ಸದ್ಯಕ್ಕೆ ದೂರದ ಮಾತು.

ಉದ್ದವಾಗಿ ಯೋಚಿಸಲೆಂದೇ ತರಬೇತಿ ಪಡೆದ ಈಚಿನ ರೀಸನಿಂಗ್ ಮಾದರಿಗಳು ಉತ್ತಮವೇ?

ಉತ್ತಮವೇ, ಆದರೆ ಸಾಲದು. 2025ರಲ್ಲಿ ಆಂಥ್ರೋಪಿಕ್‌ನ ಸಂಶೋಧಕರು ಪ್ರಶ್ನೆಯನ್ನು ಒಮ್ಮೆ ಸುಳಿವಿಲ್ಲದೆ, ಒಮ್ಮೆ ಸುಳಿವಿನೊಂದಿಗೆ ಕೇಳಿದರು. ಉತ್ತರ ಇಂಥದ್ದೆಂದು ಸ್ಟ್ಯಾನ್‌ಫರ್ಡ್ ಪ್ರಾಧ್ಯಾಪಕರೊಬ್ಬರು ಹೇಳುತ್ತಾರೆ ಎಂಬ ಮಾತು ಅಂಥ ಸುಳಿವುಗಳಲ್ಲಿ ಒಂದು. ಸುಳಿವು ಬಂದ ಮೇಲೆ ಉತ್ತರ ಸುಳಿವಿನತ್ತ ಬದಲಾದ ಪ್ರಕರಣಗಳನ್ನಷ್ಟೇ ಆರಿಸಿ, ಸರಣಿಯಲ್ಲಿ ಸುಳಿವಿನ ಉಲ್ಲೇಖವಿದೆಯೇ ಎಂದು ನೋಡಿದರು. ಕ್ಲಾಡ್ 3.7 ಸಾನೆಟ್ ಸರಾಸರಿ ಶೇ. 25ರಷ್ಟು, ಡೀಪ್‌ಸೀಕ್ ಆರ್1 ಶೇ. 39ರಷ್ಟು ಪ್ರಕರಣಗಳಲ್ಲಿ ಅದನ್ನು ಹೇಳಿಕೊಂಡವು. ಸುಳಿವನ್ನು ಮುಚ್ಚಿಟ್ಟ ಸರಣಿಗಳು ಚಿಕ್ಕವಾಗಿದ್ದವೆಂದೂ ಅಲ್ಲ. ಸರಾಸರಿಯಲ್ಲಿ ಅವೇ ಹೆಚ್ಚು ಉದ್ದವಾಗಿದ್ದವು.

ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಇವು ಸುಳಿವನ್ನು ಬಳಸಲು ಬರೆಯುವ ಅಗತ್ಯವೇ ಇಲ್ಲದ ಪ್ರಶ್ನೆಗಳು. ಹಲವು ಹಂತಗಳ ಯೋಜನೆಯಿಲ್ಲದೆ ಆಗದ ಕೆಲಸದಲ್ಲಿ ಆ ಯೋಜನೆ ಪಠ್ಯದಲ್ಲಿ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಸರಣಿಯನ್ನು ಓದಿ ಅಪಾಯದ ನಡೆಗಳನ್ನು ಪತ್ತೆಹಚ್ಚಬಹುದೆಂದು ಆಶಿಸುವ ಸಂಶೋಧಕರು ನೆಚ್ಚಿಕೊಂಡಿರುವುದು ಇದನ್ನೇ, ಮತ್ತು ಆ ಆಶೆ ಆಧಾರವಿಲ್ಲದ್ದಲ್ಲ.

ಅಂದರೆ ಮಾದರಿ ಸುಳ್ಳು ಹೇಳುತ್ತಿದೆಯೇ?

ಸುಳ್ಳು ಹೇಳಲು ನಿಜ ಗೊತ್ತಿರಬೇಕು. ತನ್ನ ಪದರಗಳಲ್ಲಿ ಏನು ನಡೆಯಿತೆಂಬುದು ಮಾದರಿಗೆ ಎಷ್ಟರ ಮಟ್ಟಿಗೆ ಎಟಕುತ್ತದೆಂಬುದೇ ಇತ್ಯರ್ಥವಾಗಿಲ್ಲದ ಪ್ರಶ್ನೆ. ಮನುಷ್ಯರಲ್ಲೂ ಇದು ಹೊಸತಲ್ಲ. 1977ರಲ್ಲಿ ಮನಶ್ಶಾಸ್ತ್ರಜ್ಞರಾದ ನಿಸ್ಬೆಟ್ ಮತ್ತು ವಿಲ್ಸನ್ ವರದಿ ಮಾಡಿದ ಪ್ರಯೋಗವೊಂದರಲ್ಲಿ, ಸಾಲಾಗಿ ಇಟ್ಟ ನಾಲ್ಕು ಜೊತೆ ಒಂದೇ ಬಗೆಯ ಕಾಲುಚೀಲಗಳಲ್ಲಿ ಜನ ಬಲತುದಿಯದನ್ನೇ ಹೆಚ್ಚಾಗಿ ಆರಿಸಿದರು. ಇಟ್ಟ ಜಾಗದಿಂದ ನಿಮ್ಮ ಆಯ್ಕೆ ಪ್ರಭಾವಿತವಾಯಿತೇ ಎಂದು ಕೇಳಿದಾಗ ಬಹುತೇಕ ಎಲ್ಲರೂ ಇಲ್ಲವೆಂದರು. ಟರ್ಪಿನ್ ಅವರ ಮೊದಲ ಆಯ್ಕೆಯ ಪ್ರಯೋಗಕ್ಕೆ ಇದು ಎಷ್ಟು ಹತ್ತಿರವೆಂದು ಬಿಡಿಸಿ ಹೇಳಬೇಕಿಲ್ಲ.

ಸರಣಿಯಲ್ಲಿ ಕೆಟ್ಟದ್ದು ಕಂಡಾಗ ದಂಡಿಸಿ ತರಬೇತಿ ಕೊಟ್ಟರೆ ಸರಿಹೋಗದೇ?

ಸರಿಹೋದಂತೆ ಕಾಣುತ್ತದೆ, ತೊಂದರೆಯೇ ಅದು. ಓಪನ್‌ಎಐನ ಸಂಶೋಧಕರು 2025ರ ಮಾರ್ಚ್‌ನಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಕೋಡ್ ಬರೆಯುವ ಮಾದರಿಯೊಂದು ಪರೀಕ್ಷೆಗಳಲ್ಲಿ ಮೋಸದಿಂದ ಉತ್ತೀರ್ಣವಾಗುವ ಉದ್ದೇಶವನ್ನು ತನ್ನ ಸರಣಿಯಲ್ಲಿ ಬಿಚ್ಚುಮಾತಿನಲ್ಲೇ ಬರೆಯುತ್ತಿತ್ತು. ಅಂಥ ಆಲೋಚನೆಗೆ ದಂಡ ವಿಧಿಸಿ ಬಲವಾಗಿ ತರಬೇತಿ ಕೊಟ್ಟಾಗ ಬರಹದಿಂದ ಉದ್ದೇಶ ಮರೆಯಾಯಿತು, ಮೋಸ ಬಹಳಷ್ಟು ಹಾಗೇ ಉಳಿಯಿತು. ಸರಣಿಯನ್ನು ಓದಿ ತಿಳಿಯುವ ಉಪಯೋಗ ಉಳಿಯಬೇಕಾದರೆ ಅದನ್ನು ತಿದ್ದುವ ಆಸೆಯನ್ನು ಬಿಡಬೇಕೆಂಬುದು ಅವರ ಸಲಹೆ.

ತೆರೆಯ ಮೇಲೆ ನಮಗೆ ಕಾಣುವುದು ಮೂಲ ಸರಣಿಯೇ? ಕನ್ನಡದಲ್ಲಿ ಕೇಳಿದಾಗ ಏನಾಗುತ್ತದೆ?

ಸೇವೆಯಿಂದ ಸೇವೆಗೆ ಬೇರೆ. 2024ರ ಸೆಪ್ಟೆಂಬರಿನಲ್ಲಿ ಬಂದ ಓಪನ್‌ಎಐನ ಒ1 ಮೂಲ ಸರಣಿಯನ್ನು ಮರೆಯಲ್ಲಿಟ್ಟು ಸಾರಾಂಶವನ್ನು ತೋರಿಸಿತು. 2025ರ ಜನವರಿಯ ಡೀಪ್‌ಸೀಕ್ ಆರ್1 ಮೂಲವನ್ನೇ ತೋರಿಸಿತು. ಸಾರಾಂಶವನ್ನು ಓದಿ ಲೆಕ್ಕದ ದಾರಿಯ ಬಗ್ಗೆ ಏನನ್ನೂ ತೀರ್ಮಾನಿಸಲಾಗದು. ಕನ್ನಡದ ಪ್ರಶ್ನೆಗೂ ಹಲವು ಮಾದರಿಗಳು ಒಳಗೆ ಇಂಗ್ಲಿಷಿನಲ್ಲಿ ಹಂತಗಳನ್ನು ಬರೆದು, ಕೊನೆಯಲ್ಲಿ ಕನ್ನಡದಲ್ಲಿ ವಿವರಿಸುತ್ತವೆ. ಆಗ ಮುಂದಿನ ಲೆಕ್ಕಕ್ಕೆ ಒದಗಿದ್ದು ಇಂಗ್ಲಿಷ್ ಹಂತಗಳು. ನಮ್ಮ ಮುಂದಿರುವ ಕನ್ನಡದ ವಿವರಣೆ ಉತ್ತರ ನಿಗದಿಯಾದ ಮೇಲೆ ಬರೆದದ್ದು.

ನಾನೇ ಒಂದು ಉತ್ತರವನ್ನು ಪರೀಕ್ಷಿಸುವುದು ಹೇಗೆ?

ನೀವು ಏಕೆ ಹೀಗೆ ಹೇಳಿದಿರಿ ಎಂದು ಮಾದರಿಯನ್ನೇ ಕೇಳುವುದರಿಂದ ಇನ್ನೊಂದು ವಿವರಣೆ ಸಿಗುತ್ತದೆ, ಪುರಾವೆಯಲ್ಲ. ಪ್ರಶ್ನೆಯನ್ನು ಬದಲಿಸಿ ಹೊಸ ಸಂವಾದದಲ್ಲಿ ಕೇಳುವುದು ಉತ್ತಮ. ಉದಾಹರಣೆಗೆ ಎರಡು ಗುತ್ತಿಗೆ ಪ್ರಸ್ತಾವಗಳಲ್ಲಿ ಯಾವುದು ಮೇಲೆಂದು ಕೇಳಿ, ಮೊದಲಿನದೇ ಮೇಲು ಎಂಬ ಉತ್ತರ ಕಾರಣಗಳ ಸಮೇತ ಬಂದಿದ್ದರೆ, ಅವುಗಳ ಕ್ರಮವನ್ನು ಅದಲುಬದಲು ಮಾಡಿ ಮತ್ತೆ ಕೇಳಬೇಕು. ಈಗಲೂ ಮೊದಲಿನದೇ ಮೇಲೆಂದು, ಅಷ್ಟೇ ಒಪ್ಪುವಂಥ ಬೇರೆ ಕಾರಣಗಳೊಂದಿಗೆ ಬಂದರೆ, ಎರಡೂ ಸಲ ತೀರ್ಮಾನಿಸಿದ್ದು ಜಾಗವೇ ಹೊರತು ಕಾರಣಗಳಲ್ಲ. ನಿಮ್ಮ ಒಲವನ್ನು ಪ್ರಶ್ನೆಯಲ್ಲಿ ಸೂಚಿಸಿದ್ದರೆ ಅದನ್ನು ತೆಗೆದು ಕೇಳಿ. ಉತ್ತರ ಪ್ರತಿ ಸಲವೂ ಅಲ್ಪಸ್ವಲ್ಪ ಬದಲಾಗುವುದು ಸಹಜವಾದ್ದರಿಂದ, ಒಂದೊಂದು ಬಗೆಯನ್ನೂ ಹಲವು ಸಲ ಕೇಳಿಯೇ ತೀರ್ಮಾನಕ್ಕೆ ಬರಬೇಕು.

ಉತ್ತರ ಸರಿಯೇ ಎಂಬುದಷ್ಟೇ ನಿಮಗೆ ಬೇಕಿದ್ದರೆ ಇಷ್ಟೆಲ್ಲ ಬೇಕಾಗಿಲ್ಲ. ಲೆಕ್ಕದ ಹಂತಗಳನ್ನು ನೀವೇ ತಾಳೆ ನೋಡಿದರೆ ಸಾಕು. ಸರಿಯಾದ ಪರಿಹಾರ ಹೇಗೆ ಹೊಳೆಯಿತೆಂಬುದು ಏನೇ ಇರಲಿ, ಅದು ಸರಿಯೇ. ಸಾಲದ ಅರ್ಜಿ ಅಥವಾ ಕೆಲಸದ ಅರ್ಜಿಯನ್ನು ತಿರಸ್ಕರಿಸಿದ್ದಕ್ಕೆ ಕಾರಣ ಕೇಳುವಂಥಲ್ಲಿ ಮಾತ್ರ, ಬರೆದ ಕಾರಣವೇ ನಿಜವಾದ ಕಾರಣವೇ ಎಂಬುದು ಎಲ್ಲಕ್ಕಿಂತ ಮುಖ್ಯವಾಗುತ್ತದೆ.

ಪದಗಳಲ್ಲಿ ಬರೆಯದೆಯೇ ಯೋಚಿಸುವ ಮಾದರಿಗಳೂ ಬರುತ್ತಿವೆಯೇ?

ಪ್ರಯೋಗಗಳು ನಡೆದಿವೆ. 2024ರ ಡಿಸೆಂಬರಿನಲ್ಲಿ ಮೆಟಾ ಸಂಸ್ಥೆಯ ಸಂಶೋಧಕರು ಮುಂದಿಟ್ಟ ಕೋಕನಟ್ ಎಂಬ ವಿಧಾನದಲ್ಲಿ, ಮೇಲಿನ ಪದರದ ಫಲಿತಾಂಶವನ್ನು ಟೋಕನ್ ಆಗಿ ಬರೆಯದೆ ಸಂಖ್ಯೆಗಳ ರೂಪದಲ್ಲೇ ನೇರವಾಗಿ ತಳಕ್ಕೆ ಮರಳಿಸುತ್ತಾರೆ. ಉದ್ದದ ಲೆಕ್ಕಗಳಿಗೆ ಪಠ್ಯದ ಮೂಲಕವೇ ಹಾದುಹೋಗಬೇಕಾದ ನಿರ್ಬಂಧ ಅಲ್ಲಿ ಇಲ್ಲ. ಅಂಥ ಮಾದರಿಯಲ್ಲಿ ಕತ್ತರಿಸಲು, ತಪ್ಪು ಸೇರಿಸಲು, ಸುಳಿವಿನ ಉಲ್ಲೇಖ ಹುಡುಕಲು ಹಂತಗಳ ಪಠ್ಯವೇ ಇರುವುದಿಲ್ಲ, ಪ್ರಶ್ನೆಯನ್ನು ಬದಲಿಸಿ ಕೇಳುವುದು ಮತ್ತು ಒಳಗಿನ ನಕ್ಷೆ ಬಿಡಿಸುವುದು, ಇಂಥ ದಾರಿಗಳಷ್ಟೇ ಉಳಿಯುತ್ತವೆ.